ರಾಶಿಯ ನಡುವಿನ ಅನ್ನ

ಇವತ್ತು ಕೊಪ್ಪಳದ ಕಡೆ ಒಂದು ಜಾತ್ರೆಯ ದಾಸೋಹದಾಗ, ಹೊಸದಾಗಿ ಬಂದ ಹುಡುಗರನ್ನ ನಿಲ್ಲಿಸಿಕೊಂಡು ಹಿರಿಯ ಅಡಗಿಯವರು ಮಾತಾಡಿದ್ರು. ಮಾತೆಲ್ಲಾ ಅನ್ನದ ಬಗ್ಗೇನ.

"ನೋಡ್ರಪಾ, ಐನೂರು ಮಂದಿಗೆ 50 ಕೆಜಿ ಅಕ್ಕಿ ಹಿಡದೀವಿ. ಅಷ್ಟೂ ಬೆಳಿಗ್ಗೇನ ಬೇಯಿಸಿ, ರಾತ್ರಿ ಪಂಕ್ತಿಗೆ ಬೇಕಂತ ಅರ್ಧ ಅನ್ನ ಮುಚ್ಚಿ ಇಡಬ್ಯಾಡ್ರಿ. ಮಧ್ಯಾಹ್ನಕ್ಕ 30 ಕೆಜಿ ಬೇಯಿಸ್ರಿ. ಉಳಿದ 20 ಕೆಜಿಗೆ ಸಂಜಿ ಆರಕ್ಕ ಎಸರಿಡ್ರಿ."

ಒಬ್ಬ ಹುಡುಗ ಕೇಳಿದ: "ಅಣ್ಣಾರ, ಮತ್ತ ಬಿಸಿ ಮಾಡಿದ್ರ ಆಗಂಗಿಲ್ಲೇನ್ರಿ?"

"ಇಲ್ಲಪಾ. ಅಕ್ಕಿಯೊಳಗ ಕಣ್ಣಿಗೆ ಕಾಣದ ಬೀಜದಂಥಾ ಸೂಕ್ಷ್ಮಾಣು ಇರತಾವು. ಕುದಿಸಿದ್ರೂ ಸಾಯಂಗಿಲ್ಲ. ಅನ್ನ ಉಗುರು ಬೆಚ್ಚಗ ಇದ್ದಾಗ ಮೊಳೀತಾವು, ವಿಷ ಬಿಡತಾವು. ಆ ವಿಷ ಮತ್ತ ಕುದಿಸಿದ್ರೂ ಹೋಗಂಗಿಲ್ಲ. ವಾಸನಿನೂ ಬರಂಗಿಲ್ಲ. ಉಂಡು ಒಂದರಿಂದ ಆರು ತಾಸಿನಾಗ ವಾಂತಿ ಶುರು."

ಆಮೇಲೆ ಅನ್ನದ ರಾಶಿ ತೋರಿಸಿದ್ರು. ಮ್ಯಾಲ ಆರಿರತೈತಿ, ನಡುವ ತಾಸುಗಟ್ಟಲೆ ಬೆಚ್ಚಗ ಇರತೈತಿ. ದೊಡ್ಡ ರಾಶಿಯ ತೊಂದರೆ ಇದೇ, ಮನಿ ಪಾತ್ರೆಯಾಗಿನ ಸ್ವಲ್ಪ ಅನ್ನ ಇದಕ್ಕಿಂತ ಬೇಗ ಆರತೈತಿ. ಅದಕ್ಕ ಥರ್ಮಾಮೀಟರ್ ನಡುವ ಚುಚ್ಚಿ ನೋಡಬೇಕು. ಬಡಿಸೋತನಕ 60 ಡಿಗ್ರಿ ಮ್ಯಾಲೇ ಇರಬೇಕು. ಅದಕ್ಕಿಂತ ಇಳಿದ್ರ, ಇಳಿದ ಎರಡು ತಾಸಿನೊಳಗ ಬಡಿಸಿ ಮುಗಿಸಬೇಕು. ಅಷ್ಟರಾಗ ಖಾಲಿ ಆಗದಿದ್ರ ರಾತ್ರಿ ಪಂಕ್ತಿಗೆ ಅದನ್ನ ಸೇರಿಸಂಗಿಲ್ಲ.

ಹೊಸ ಅನ್ನದ ಮ್ಯಾಲ ಹಳೇ ಅನ್ನ ಸುರಿಯೋದು ಮಾತ್ರ ಬ್ಯಾಡ್ರಿ ಅಂತ ಮೂರು ಸಲ ಹೇಳಿದ್ರು. ಹಂಗ ಮಾಡಿದ್ರ ಯಾವ ಅನ್ನ ಎಷ್ಟೊತ್ತಿಗೆ ಬೆಂದದ್ದು ಅಂತ ಆಮೇಲೆ ಯಾರಿಗೂ ಗೊತ್ತಾಗಂಗಿಲ್ಲ. ಪ್ರತಿ ಕೊಪ್ಪರಿಗೆ ಮೈಮ್ಯಾಲ ಸೀಮೆಸುಣ್ಣದಾಗ ಇಳಿಸಿದ ಹೊತ್ತು ಬರೆಯಾಕ ಹಚ್ಚಿದ್ರು.