ಉರಿದರೆ ಕೆಲಸ ಮಾಡ್ತಿದೆ ಅಂತಲ್ಲ

"ಬರೇ ನೀರು ಹಾಕ್ಕೊಂಡ್ರೂ ಉರೀತತಿ ಆಂಟಿ. ಉರೀತತಿ ಅಂದ್ರೆ ಕೆಲಸ ಮಾಡಾಕತ್ತತಿ ಅಂತ, ಅಲ್ಲೇನ್ರಿ?"

ದಾವಣಗೆರೆಯ ನಮ್ಮ ಓಣಿಯ ಹುಡುಗಿ ಮೊನ್ನೆ ಕೇಳಿದ ಈ ಮಾತು ವಾರವೆಲ್ಲ ಕಿವಿಯಲ್ಲೇ ಉಳಿದಿದೆ. ಅಕ್ಕನ ಮದುವೆಗೆ ಇನ್ನು ಐದು ವಾರ. ಮೂಗಿನ ಅಂಚು ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಹಣೆ ಬಿಗಿದು, ಪ್ಲಾಸ್ಟಿಕ್ ಹಾಳೆಯಂತೆ ಮಿರುಗುತ್ತಿತ್ತು. ತಾಯಿ ಅದನ್ನೇ ಗ್ಲೋ ಅಂದುಕೊಂಡಿದ್ದರು.

ದಿನಕ್ಕೆರಡು ಸಲ ಸ್ಯಾಲಿಸಿಲಿಕ್ ಆಸಿಡ್ ಫೇಸ್‌ವಾಶ್, ದಿನ ಬಿಟ್ಟು ದಿನ ಸ್ಕ್ರಬ್, ರಾತ್ರಿ ಗ್ಲೈಕಾಲಿಕ್ ಟೋನರ್. ಒಂದೊಂದೇ ಆಗಿದ್ದರೆ ಚರ್ಮ ತಡೆದುಕೊಳ್ಳುತ್ತಿತ್ತೇನೋ. ಚರ್ಮದ ಮೇಲ್ಪದರ ಇಟ್ಟಿಗೆ ಗೋಡೆಯಿದ್ದಂತೆ. ಸತ್ತ ಕೋಶಗಳು ಇಟ್ಟಿಗೆ, ಸೆರಾಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲಗಳು ನಡುವಿನ ಗಾರೆ. ಫೇಸ್‌ವಾಶ್, ಸ್ಕ್ರಬ್, ಟೋನರ್ ಮೂರೂ ಸೇರಿ ಆ ಗೋಡೆಯನ್ನೇ ಕೆರೆದಿದ್ದವು. ಒಳಗಿನ ತೇವ ಹೊರಗೆ ಆರಿಹೋಗುತ್ತದೆ, ಹೊರಗಿನದು ನರದ ತುದಿಗೆ ತಾಗುತ್ತದೆ. ನೀರೂ ಉರಿಯುವುದು ಇದಕ್ಕೇ. ಮೊದಲು ಒಗ್ಗುತ್ತಿದ್ದ ಮಾಯಿಶ್ಚರೈಸರ್ ಕೂಡ ಈಗ ಚುರುಗುಟ್ಟಿದರೆ ಗೋಡೆ ಬಿರಿದಿದೆ ಎಂದೇ ಲೆಕ್ಕ.

ಅವಳು ಕೆನ್ನೆಯ ಸಣ್ಣ ಗುಳ್ಳೆ ನೋಡಿ ಮೊಡವೆ ಅಂತ ಆಸಿಡ್ ಇನ್ನೂ ಜಾಸ್ತಿ ಮಾಡಿದ್ದಳು. ಅದು ಮೊಡವೆಯಲ್ಲ, ಕೆರಳಿದ ಚರ್ಮದ ಗುಳ್ಳೆ. ಬಹಳ ಜನ ತಪ್ಪುವುದು ಇಲ್ಲೇ.

ಮೂರನ್ನೂ ಅವತ್ತೇ ನಿಲ್ಲಿಸಲು ಹೇಳಿದೆ. ಜೊತೆಗೆ ರೆಟಿನಾಲ್, ವಿಟಮಿನ್ ಸಿ, ನಿಂಬೆರಸ, ಕಡಲೆಹಿಟ್ಟಿನ ಉಜ್ಜುವಿಕೆ ಯಾವುದೂ ಬೇಡ. ಬೆಳಿಗ್ಗೆ ತಣ್ಣೀರು ಮಾತ್ರ. ಸಂಜೆ ಒಂದು ಸಲ, ಸೋಪಲ್ಲದ, ಪರಿಮಳವಿಲ್ಲದ ಕ್ಲೆನ್ಸರ್. ಟವೆಲಿನಿಂದ ಒತ್ತಿ ಒರೆಸಿ, ಮುಖ ಇನ್ನೂ ಒದ್ದೆಯಿರುವಾಗಲೇ ಸೆರಾಮೈಡ್, ಗ್ಲಿಸರಿನ್ ಇರುವ ಕ್ರೀಮ್. ಮಲಗುವಾಗ ಸಿಪ್ಪೆ ಏಳುವಲ್ಲಿ ಮಾತ್ರ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ. ಹಗಲು ಝಿಂಕ್ ಆಕ್ಸೈಡ್ ಸನ್‌ಸ್ಕ್ರೀನ್. ಅದೂ ಉರಿದರೆ ಕೆಲವು ದಿನ ದುಪಟ್ಟಾ, ಛತ್ರಿಯೇ ಸಾಕು, ನಮ್ಮೂರ ಬಿಸಿಲಿಗೆ ಏನಾದರೊಂದು ಮರೆಯಿಲ್ಲದೆ ಆಗದು.

ಔಷಧಿ ಅಂಗಡಿಯವನೊಬ್ಬ ಕೆಂಪು ಹೋಗಲಿ ಅಂತ ಸ್ಟೀರಾಯ್ಡ್ ಬೆರೆತ ಕ್ರೀಮ್ ಕೊಟ್ಟಿದ್ದ. ಟ್ಯೂಬಿನ ಮೇಲೆ ಬೀಟಾಮೆಥಸೋನ್ ಅಂತಿತ್ತು. ಚೀಟಿಯಿಲ್ಲದೆ ಮುಖಕ್ಕೆ ಅದನ್ನು ಕೊಡುವುದು ನನಗೆ ಅಕ್ಷಮ್ಯ. ಎರಡು ದಿನದಲ್ಲಿ ಕೆಂಪು ಇಳಿಯುತ್ತದೆ. ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಟ್ಟಾಗ ಕೆಂಪು ದುಪ್ಪಟ್ಟಾಗಿ ಮರಳುತ್ತದೆ. ಅದೃಷ್ಟಕ್ಕೆ ಅವಳಿನ್ನೂ ಮುಚ್ಚಳ ತೆಗೆದಿರಲಿಲ್ಲ.

ಉರಿ ಸಾಮಾನ್ಯವಾಗಿ ಮೊದಲ ವಾರದಲ್ಲೇ ತಗ್ಗುತ್ತದೆ, ಗೋಡೆ ಪೂರ್ತಿ ಕೂಡಲು ಎರಡರಿಂದ ನಾಲ್ಕು ವಾರ ಬೇಕು. ನೀರು ಸೋರಿದರೆ, ಹಳದಿ ಹಕ್ಕಳೆ ಕಟ್ಟಿದರೆ, ಕಣ್ಣಿನ ಸುತ್ತ ಊದಿದರೆ, ಎರಡು ವಾರಕ್ಕೂ ತಗ್ಗದಿದ್ದರೆ ಚರ್ಮದ ಡಾಕ್ಟರ ಬಳಿಗೇ ಹೋಗಬೇಕು. ಆಸಿಡ್ ಮತ್ತೆ ಬೇಕೆನಿಸಿದರೆ ಎರಡು ವಾರ ಒಂದಿಷ್ಟೂ ಉರಿಯದೆ ಕಳೆದ ಮೇಲೆ, ಒಂದೇ ಒಂದು, ವಾರಕ್ಕೊಂದು ರಾತ್ರಿ.

"ಮದುವೆಗೆ ಫೇಶಿಯಲ್ಲು?" ಅಂದರು ತಾಯಿ.

"ಈ ಸಲ ಬ್ಯಾಡ್ರಿ," ಅಂದೆ. ಹುಡುಗಿ ಟೋನರ್ ಬಾಟಲಿ ತಂದು ನನ್ನ ಕೈಗೇ ಕೊಟ್ಟಳು.