ಮೀಟರಿನ 78, ಮೌಶಿಯ ಟಾಕಿ

"ತಮ್ಮಾ, ಕಾರ್ಪೊರೇಷನ್ ನೀರಿಗೆ ಮೀಟರ್ ಹಿಡದ್ರ 78 ಬರ್ತೈತಿ, ಟ್ಯಾಂಕರ್ ನೀರಿಗೆ 640. ಅಂದ್ರ 78 ಚೊಲೊ, ಹಂಗ ಕುಡೀಬಹುದು; 640 ವಿಷ. ಹೌದಿಲ್ಲೋ?"

ಎರಡೂ ಅಲ್ಲ ಮೌಶಿ.

ಇದನ್ನು ಕೇಳಿದವರು ವಿಜಯಪುರದ ಕಡೆಯ ಹಿರಿಯರು. ಅವರ ಕೈಯಲ್ಲಿದ್ದದ್ದು ಟಿಡಿಎಸ್ ಮೀಟರು, ನೀರಿನಲ್ಲಿ ಅದ್ದಿದರೆ ಅಂಕಿ ತೋರಿಸುವ ಪೆನ್ನಿನಂಥ ಸಾಧನ. ಪುಣೆಯ ಧಾಯರಿಯಲ್ಲಿ ಮಗನ ಜತೆ ಇದ್ದಾರೆ. ಕನ್ನಡ ಮಂದಿ ನಾಲ್ಕು ಜನ ಸೇರಿದ ಕಡೆಯೆಲ್ಲ ನನಗೆ ಇದೇ ಪ್ರಶ್ನೆ ಬರುತ್ತದೆ, ಅಂಕಿ ಮಾತ್ರ ಬೇರೆ. ಭೋಸರಿಯ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೀರು ನೋಡಿಕೊಳ್ಳುವುದೇ ನನ್ನ ಕೆಲಸ. ದಿನಕ್ಕೆ ಹತ್ತು ಸಲ ಇಂಥ ಮೀಟರ್ ಹಿಡಿಯುತ್ತೇನೆ. ಆದರೆ ಆ ನೀರನ್ನು ಬಾಯ್ಲರ್ ಕುಡಿಯುತ್ತದೆ, ಮನುಷ್ಯರಲ್ಲ.

ಮೌಶಿಯ ಅಡುಗೆಮನೆಯಲ್ಲೇ ಮೊದಲು ಒಂದು ಆಟ ಮಾಡಿ ತೋರಿಸಿದೆ. ಆರ್‌ಒ ನೀರು ಎರಡು ಲೋಟ. ಮೀಟರ್ ಎರಡರಲ್ಲೂ 12 ಅಂದಿತು. ಒಂದಕ್ಕೆ ತುಂಬು ಚಮಚ ಸಕ್ಕರೆ ಹಾಕಿ ಕರಗಿಸಿದೆ. ಮತ್ತೆ ಹಿಡಿದರೆ 13. ಇನ್ನೊಂದಕ್ಕೆ ಒಂದು ಚಿಟಿಕೆ ಉಪ್ಪು ಹಾಕಿದೆ, ಅಂಕಿ ಓಡುತ್ತ ಓಡುತ್ತ ಸಾವಿರ ದಾಟಿತು. ಮೌಶಿ ಸಕ್ಕರೆ ಲೋಟವನ್ನು ನಾಲಿಗೆಗೆ ಮುಟ್ಟಿಸಿ ನೋಡಿದರು. ಪಾನಕದಷ್ಟು ಸಿಹಿ.

ಮೀಟರಿನ ತುದಿಯಲ್ಲಿ ಎರಡು ಸಣ್ಣ ಕಡ್ಡಿಗಳಿವೆ. ಅವುಗಳ ನಡುವೆ ನೀರಿನೊಳಗಿಂದ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಷ್ಟೇ ಅದಕ್ಕೆ ಗೊತ್ತಾಗುವುದು. ಉಪ್ಪು ಕರಗಿದಾಗ ವಿದ್ಯುದಂಶವುಳ್ಳ ಕಣಗಳಾಗಿ ಒಡೆಯುತ್ತದೆ, ವಿದ್ಯುತ್ತನ್ನು ಹೊತ್ತು ನಡೆಯುತ್ತದೆ. ಸಕ್ಕರೆ ಇಡಿಯಾಗಿಯೇ ಕರಗಿ ಸುಮ್ಮನಿರುತ್ತದೆ. ಟಿಡಿಎಸ್ ಎಂಬ ಹೆಸರಿನಲ್ಲಿ 'ಕರಗಿದ ಒಟ್ಟು ಘನಪದಾರ್ಥ' ಅಂತಿದ್ದರೂ ಮೀಟರು ಏನನ್ನೂ ತೂಗುವುದಿಲ್ಲ. ನಿಜವಾಗಿ ತೂಗಬೇಕೆಂದರೆ ಪ್ರಯೋಗಾಲಯದಲ್ಲಿ ನೀರನ್ನು ಸೋಸಿ, ಆವಿ ಮಾಡಿ, ಪಾತ್ರೆಯಲ್ಲಿ ಉಳಿದದ್ದನ್ನು ತಕ್ಕಡಿಗೆ ಹಾಕಬೇಕು. ಕೈಯೊಳಗಿನ ಪೆನ್ನು ವಿದ್ಯುತ್ ವಾಹಕತೆಯನ್ನು ಅಳೆದು, ಅದಕ್ಕೊಂದು ಅಂದಾಜಿನ ಗುಣಕ ಹಚ್ಚಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತೋರಿಸುತ್ತದೆ. ಆ ಗುಣಕ ಕೆಲವು ಮೀಟರುಗಳಲ್ಲಿ 0.5, ಕೆಲವುಗಳಲ್ಲಿ 0.7. ಮೌಶಿಯ ಮೀಟರು ಟ್ಯಾಂಕರ್ ನೀರಿಗೆ 640 ಅಂದರೆ ಅವರ ಅಳಿಯನದು ಅದೇ ಬಕೆಟ್ಟಿಗೆ 890ರ ಹತ್ತಿರ ತೋರಿಸುತ್ತಿತ್ತು. ಇಬ್ಬರ ಮನೆಯಲ್ಲೂ ಜಗಳ. ಎರಡೂ ಮೀಟರು ಸರಿಯಾಗಿಯೇ ಇದ್ದವು.

ಈಗ ಆ 640ರ ವಿಷಯ. ಅದು ಬೋರ್‌ವೆಲ್ ನೀರು. ನೆಲದೊಳಗಿನ ಕಲ್ಲಿನ ಸಂದುಗಳಲ್ಲಿ ವರ್ಷಗಟ್ಟಲೆ ಕೂತು ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಕರಗಿಸಿಕೊಂಡು ಬಂದದ್ದು. ಕುಕ್ಕರಿನಲ್ಲಿ ಬಿಳಿ ಪದರ ಕಟ್ಟುತ್ತದೆ, ಸಾಬೂನು ನೊರೆ ಬರುವುದಿಲ್ಲ, ಬೇಳೆ ಬೇಯಲು ಹಟ ಹಿಡಿಯುತ್ತದೆ, ಚಹಾದ ರುಚಿ ಕೆಡುತ್ತದೆ. ವಿಷವೇನಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಹೇಳುವ ಪ್ರಕಾರ 500ರವರೆಗೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 2000ದವರೆಗೆ ನಡೆಯುತ್ತದೆ. ಈ 500 ಮುಖ್ಯವಾಗಿ ರುಚಿಯ, ಪದರ ಕಟ್ಟುವುದರ ಗಡಿ. ದಾಟಿದ ತಕ್ಷಣ ರೋಗ ಬರುವ ಗೆರೆಯಲ್ಲ.

ಹಾಗಂತ 640ಕ್ಕೆ ಪೂರ್ತಿ ಖುಲಾಸೆ ಕೊಡಲಾರೆ. ಆ ಅಂಕಿಯೊಳಗೆ ಯಾವುದೆಷ್ಟು ಅಂತ ಮೀಟರಿಗೆ ಗೊತ್ತಿಲ್ಲ. ಸುಣ್ಣದ ಅಂಶ ಇದ್ದರೂ ಅದೇ, ಗೊಬ್ಬರ ಅಥವಾ ಶೌಚದ ಗುಂಡಿಯಿಂದ ಇಳಿದ ನೈಟ್ರೇಟ್ ಇದ್ದರೂ ಅದೇ. ನೈಟ್ರೇಟಿನ ಮಿತಿ 45 ಮಿಲಿಗ್ರಾಂ. 640ರ ಗದ್ದಲದಲ್ಲಿ 45ಕ್ಕೂ 90ಕ್ಕೂ ಇರುವ ವ್ಯತ್ಯಾಸವನ್ನು ಯಾರು ಗುರುತಿಸುತ್ತಾರೆ? ಸೀಸದ ಮಿತಿಯಂತೂ ಲೀಟರಿಗೆ 0.01 ಮಿಲಿಗ್ರಾಂ. ಮೀಟರು ಒಂದರ ಕೆಳಗೆ ಎಣಿಸುವುದೇ ಇಲ್ಲ. ಟ್ಯಾಂಕರ್ ನೀರನ್ನೇ ನಂಬಿದವರು ವರ್ಷಕ್ಕೊಮ್ಮೆ ಆ ಬೋರ್‌ವೆಲ್ಲಿನ ನೀರನ್ನು ಪ್ರಯೋಗಾಲಯಕ್ಕೆ ಕೊಡಬೇಕು, ನೈಟ್ರೇಟ್, ಫ್ಲೋರೈಡ್ ಬರೆಸಿಕೊಳ್ಳಬೇಕು.

ಇನ್ನು 78. ಮೌಶಿಗೆ ಅದರ ಮೇಲೆ ಭಾರಿ ಭರವಸೆ. ಅದು ಖಡಕ್‌ವಾಸ್ಲಾದ ನೀರು. ಪಾನ್‌ಶೇತ್, ವರಸಗಾವ್, ಟೆಮ್‌ಘರ್ ಜಲಾಶಯಗಳಲ್ಲಿ ತುಂಬುವ ಸಹ್ಯಾದ್ರಿಯ ಮಳೆಯೇ ಕೆಳಗಿಳಿದು ಅಲ್ಲಿಗೆ ಬರುತ್ತದೆ. ಮಳೆನೀರಿಗೆ ಕಲ್ಲಿನ ಸಹವಾಸ ಕಡಿಮೆ, ಹಾಗಾಗಿ ಅಂಕಿಯೂ ಕಡಿಮೆ. 78 ಹೇಳುವುದು ಆ ನೀರು ಎಲ್ಲಿಂದ ಹುಟ್ಟಿತು ಅಂತ. ದಾರಿಯಲ್ಲಿ ಏನೇನು ಸೇರಿತು ಅಂತಲ್ಲ.

2025ರ ಜನವರಿಯಲ್ಲಿ ಇದೇ ಸಿಂಹಗಡ ರಸ್ತೆಯ ಸುತ್ತ, ನಾಂದೇಡ್ ಗಾವ್, ಕಿರ್ಕಟ್‌ವಾಡಿ, ಧಾಯರಿ ಕಡೆ, ಗಿಯಾನ್-ಬಾರೆ ಎಂಬ ನರಗಳ ಕಾಯಿಲೆ ಒಮ್ಮೆಲೇ ಹೆಚ್ಚಾಯಿತು. ಕೆಲವು ರೋಗಿಗಳಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು, ಅನುಮಾನ ನೀರಿನ ಮೇಲೆ ಬಿತ್ತು. ಆ ವಾರಗಳಲ್ಲಿ ನನ್ನ ಫೋನಿಗೆ ಬಂದ ಫೋಟೊಗಳಿಗೆ ಲೆಕ್ಕವಿಲ್ಲ. ಎಲ್ಲದರಲ್ಲೂ ಲೋಟ, ಅದರೊಳಗೆ ಮೀಟರು. "ನಮ್ಮಲ್ಲಿ 85 ಅದ, ಭಯ ಇಲ್ಲಲ್ಲ?" ಅಂತ. ಬ್ಯಾಕ್ಟೀರಿಯಾ ಆ ಮೀಟರಿಗೆ ಕಾಣುವುದೇ ಇಲ್ಲ. ನೀರು ಕುದಿಸಿದ ಮೇಲೂ ಅಂಕಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅದನ್ನು ನೋಡಿ "ಕುದಿಸಿ ಏನು ಬಂತು" ಅಂತ ಗ್ಯಾಸ್ ಉಳಿಸಿದವರೂ ಇದ್ದರು.

ಒಂದು ಲೆಕ್ಕ ಹಾಕೋಣ. ನಲ್ಲಿಯ ನೀರು 78, ಗಟಾರದ ನೀರು 700 ಅಂತ ಇಟ್ಟುಕೊಳ್ಳಿ. ನೂರು ಲೀಟರಿನಲ್ಲಿ ಒಂದು ಲೀಟರ್ ಗಟಾರದ್ದು ಸೇರಿತು ಅನ್ನಿ. 99 ಪಾಲು 78, ಒಂದು ಪಾಲು 700, ಕೂಡಿಸಿದರೆ 84ರ ಆಸುಪಾಸು ಬರುತ್ತದೆ. ಬೆಳಗಿನ ತಣ್ಣೀರಿಗೂ ಮಧ್ಯಾಹ್ನ ಬಿಸಿಲಿಗೆ ಕಾದ ನೀರಿಗೂ ಅಗ್ಗದ ಮೀಟರು ಇಷ್ಟು ವ್ಯತ್ಯಾಸ ತೋರಿಸಬಹುದು. ಯಾರಿಗೂ ಅನುಮಾನ ಬರದು. ಆದರೆ ಗಟಾರದ ನೀರಿನ 100 ಮಿಲಿಲೀಟರಿನಲ್ಲಿ ಕರುಳಿನ ಬ್ಯಾಕ್ಟೀರಿಯಾ ಹತ್ತಾರು ಲಕ್ಷ ಇರುತ್ತವೆ. ನೂರಕ್ಕೊಂದು ಪಾಲಾದರೂ ಹತ್ತಾರು ಸಾವಿರ ಉಳಿಯುತ್ತವೆ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಅವು ಒಂದೂ ಇರಬಾರದು.

ಮಾರಾಟದವರ ಚಮತ್ಕಾರವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಮೌಶಿಗೆ ಮೀಟರ್ ಕೊಟ್ಟು ಹೋದವರೇ ಅದನ್ನು ಮಾಡಿದ್ದರು. ಎರಡು ಲೋಟ, ಒಂದರಲ್ಲಿ ನಲ್ಲಿ ನೀರು, ಒಂದರಲ್ಲಿ ಆರ್‌ಒ. ಕಬ್ಬಿಣ, ಅಲ್ಯೂಮಿನಿಯಂ ಸರಳುಗಳಿರುವ ಪೆಟ್ಟಿಗೆಯನ್ನು ಮೇಲಿಟ್ಟು ಪ್ಲಗ್ ಹಾಕಿದರೆ ನಲ್ಲಿ ನೀರು ನಿಮಿಷದಲ್ಲಿ ಕಂದು ಕೆಸರಾಗುತ್ತದೆ, ಆರ್‌ಒ ನೀರು ಹಾಗೇ ಇರುತ್ತದೆ. "ನೋಡಿ, ಇದನ್ನು ಕುಡಿಯುತ್ತಿದ್ದೀರಿ." ಆ ಕೆಸರು ನೀರಿನದಲ್ಲ, ಸರಳಿನದು. ನೀರಿನಲ್ಲಿ ಲವಣವಿದ್ದರೆ ವಿದ್ಯುತ್ ಹರಿಯುತ್ತದೆ, ಕಬ್ಬಿಣ ಸವೆದು ತುಕ್ಕಾಗಿ ಉದುರುತ್ತದೆ. ಆರ್‌ಒ ನೀರಿನಲ್ಲಿ ವಿದ್ಯುತ್ ಹರಿಯುವುದೇ ಕಷ್ಟ. ಅದೇ ಆರ್‌ಒ ಲೋಟಕ್ಕೆ ಚಿಟಿಕೆ ಉಪ್ಪು ಹಾಕಿ ಇನ್ನೊಮ್ಮೆ ಮಾಡಿ ತೋರಿಸಿ ಅನ್ನಿ, ಪೆಟ್ಟಿಗೆ ಮಡಚಿಕೊಂಡು ಹೊರಡುತ್ತಾರೆ. ಮೌಶಿಯ ಮಗ 78ರ ನೀರಿಗೇ ಆರ್‌ಒ ಕೂರಿಸಿದ್ದ. 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಕೇಂದ್ರ ಪರಿಸರ ಸಚಿವಾಲಯಕ್ಕೆ ಹೇಳಿತ್ತು. ಆರ್‌ಒ ಸೋಸುವಾಗ ಅಷ್ಟು ನೀರು ಮೋರಿಗೆ ಹೋಗುತ್ತದಲ್ಲ.

ಮೀಟರನ್ನು ಬಿಸಾಡಿ ಅನ್ನುತ್ತಿಲ್ಲ. ಒಂದೇ ಮೀಟರಿನಿಂದ ಒಂದೇ ನೀರನ್ನು ನಿನ್ನೆಯದರ ಜತೆ ಹೋಲಿಸಲು ಅದು ಬಹಳ ಚೆನ್ನಾದ ಸಾಧನ. ಟ್ಯಾಂಕರ್ ನೀರಿಗೆ ಆರ್‌ಒ ಇಟ್ಟವರು ಒಳಹೋಗುವುದು 640, ಹೊರಬರುವುದು 58 ಅಂತ ಕ್ಯಾಲೆಂಡರಿನ ಮೇಲೆ ಬರೆದಿಡಲಿ. ನೂರಕ್ಕೆ 91 ಭಾಗ ತಡೆದಿದೆ ಅಂತಾಯಿತು. ಒಳಗಿನದು ಹಾಗೇ ಇದ್ದು ಹೊರಗಿನದು ತಿಂಗಳಿಂದ ತಿಂಗಳಿಗೆ 70, 95, 140 ಅಂತ ಏರಿದರೆ ಲವಣ ತಡೆಯುವ ಪದರ, ಅಂದರೆ ಮೆಂಬ್ರೇನ್, ಮುಗಿಯುತ್ತ ಬಂದಿದೆ. ಮೆಕ್ಯಾನಿಕ್ ಬಂದುಹೋದ ದಿನವೇ ಒಮ್ಮೆಲೇ ಜಿಗಿದರೆ ಮೆಂಬ್ರೇನ್ ಅಲ್ಲ, ರುಚಿಗೆಂದು ಮೂಲ ನೀರು ಬೆರೆಸುವ ಸ್ಕ್ರೂವನ್ನು ತಿರುಗಿಸಿರುತ್ತಾನೆ. ಹಾಗೆಯೇ ನಲ್ಲಿಯ 78 ಒಂದು ದಿನ 300 ಆದರೆ, ಸೊಸೈಟಿಯವರು ಹೇಳದೆ ಟ್ಯಾಂಕರ್ ಬೆರೆಸಿದ್ದಾರೆ ಅಂತ ಹೋಗಿ ಕೇಳಬಹುದು.

ಮೌಶಿಯ ಮನೆಯಲ್ಲಿ ನಾನು ಬೇರೆ ಎರಡು ಪರೀಕ್ಷೆ ಮಾಡಿದೆ. ಕ್ಲೋರಿನ್ ಕಿಟ್ಟಿನ ಹನಿಯನ್ನು ಗೇಟಿನ ಬಳಿಯ ಕಾರ್ಪೊರೇಷನ್ ನಳದ ನೀರಿಗೆ ಹಾಕಿದರೆ ತಿಳಿ ಹಳದಿ ಬಂತು, ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರಿನ್ ಇನ್ನೂ ಇದೆ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಅಡುಗೆಮನೆಯ ನಲ್ಲಿಯ ನೀರಿಗೆ ಹಾಕಿದರೆ ಬಣ್ಣವೇ ಇಲ್ಲ. ಮೀಟರು ಎರಡೂ ಕಡೆ 78. ಆಮೇಲೆ ಎರಡೂ ಕಡೆಯ ನೀರನ್ನು ಎಚ್‌ಟೂಎಸ್ ಬಾಟಲಿಗಳಲ್ಲಿ ಗುರುತಿನವರೆಗೆ ತುಂಬಿ ಕಪಾಟಿನ ಮೇಲೆ ಇಟ್ಟೆ. ಮಲದ ಜತೆ ಬರುವ ಬ್ಯಾಕ್ಟೀರಿಯಾ ಇದ್ದರೆ ಆ ಬಾಟಲಿಯ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಕೊನೆಯ ಸಾಕ್ಷಿಯಲ್ಲ, ಆದರೆ ಎಚ್ಚರಿಕೆಗೆ ಸಾಕು. ಮರುದಿನ ಸಂಜೆ ಮೌಶಿ ಫೋನ್ ಮಾಡಿದರು. ಗೇಟಿನ ಬಾಟಲಿ ಹಾಗೇ ಇತ್ತು, ಅಡುಗೆಮನೆಯದು ಕಾಡಿಗೆಯಂತಾಗಿತ್ತು.

ಎರಡರ ನಡುವೆ ಇದ್ದದ್ದು ನೆಲದೊಳಗೆ ನೀರು ತುಂಬಿಡುವ ಟಾಕಿ. ಮುಚ್ಚಳದ ಪಕ್ಕ ಬೆರಳು ಹೋಗುವಷ್ಟು ಬಿರುಕು, ಅದಕ್ಕೆ ಮೂರಡಿ ದೂರದಲ್ಲಿ ಪಾತ್ರೆ ತೊಳೆದ ನೀರು ಹೋಗುವ ಚೇಂಬರ್. ಅದು ತುಂಬಿದಾಗಲೆಲ್ಲ ಉಕ್ಕಿ ಇತ್ತಲೇ ಹರಿಯುತ್ತಿತ್ತು. ಚೇಂಬರಿನ ಕಟ್ಟು ತೆಗೆಸಿದರು, ಬಿರುಕು ಮುಚ್ಚಿಸಿದರು, ಟಾಕಿ ಖಾಲಿ ಮಾಡಿ ಉಜ್ಜಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆದು ಮತ್ತೆ ತುಂಬಿಸಿದರು. ಅಲ್ಲಿಯವರೆಗೆ ಕುದಿಸಿದ ನೀರು. ಹೊಸ ಬಾಟಲಿ ಮೂರು ದಿನವಾದರೂ ಕಪ್ಪಾಗಲಿಲ್ಲ, ಕ್ಲೋರಿನ್ ಹನಿಗೆ ಅಡುಗೆಮನೆಯಲ್ಲೂ ಹಳದಿ ಬಂತು.

ಮೌಶಿ ಮಾತ್ರ ಮೀಟರ್ ಬಿಟ್ಟಿರಲಿಲ್ಲ. ಬ್ಲೀಚಿಂಗ್ ಪುಡಿಯ ಸುಣ್ಣ ಒಂದಿಷ್ಟು ಟಾಕಿಯಲ್ಲಿ ಉಳಿದಿತ್ತು. "ತಮ್ಮಾ, ಇಷ್ಟೆಲ್ಲ ತೊಳಸಿದ ಮ್ಯಾಲ 91 ಆಗೇತಲ್ಲೋ!"