ಹಳ್ಳಿಯ ಬಿಪಿ ಸರ್ವೆ: ಪ್ರೋಟೋಕಾಲ್ ಸಾರಾಂಶದಲ್ಲಿ ನಾನು ಕೆಂಪು ಪೆನ್ನು ಹಾಕುವ ಜಾಗಗಳು

ಕೋಲಾರದ ಕಡೆ ಒಂದು ಮೆಡಿಕಲ್ ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗದಲ್ಲಿ ಅಂಕಿಅಂಶ ನೋಡಿಕೊಳ್ಳುವ ಕೆಲಸ ನನ್ನದು. ವಿದ್ಯಾರ್ಥಿಗಳ ಪ್ರೋಟೋಕಾಲ್, ಅಂದರೆ ಅಧ್ಯಯನ ಹೇಗೆ ಮಾಡುತ್ತೇವೆ ಅನ್ನುವ ಯೋಜನೆ, ಎಥಿಕ್ಸ್ ಕಮಿಟಿಗೆ ಹೋಗುವ ಮುಂಚೆ ನನ್ನ ಟೇಬಲ್ ಮೇಲೆ ಬಂದು ಹೋಗುತ್ತದೆ. ಬರುವುದರಲ್ಲಿ ಬಿಪಿ ಸರ್ವೆಗಳೇ ಜಾಸ್ತಿ. ಖರ್ಚು ಕಡಿಮೆ, ಮಿಷನ್ ಕೈಯಲ್ಲೇ ಇದೆ, ಹಳ್ಳಿ ಹತ್ತಿರದಲ್ಲೇ ಇದೆ. ಸಾರಾಂಶ ಒಂದೂವರೆ ಪುಟ. ಅದರ ಮೊದಲ ಮುಕ್ಕಾಲು ಪುಟ ಬಿಪಿ ಎಷ್ಟು ಅಪಾಯಕಾರಿ ಅಂತಲೇ ತುಂಬಿರುತ್ತದೆ. ಅದನ್ನು ನಾನು ಓದುವುದೇ ಇಲ್ಲ. ಸೀದಾ ಹುಡುಕುವುದು ಒಂದು ಸಾಲನ್ನು: ಇವರು ಯಾರನ್ನು ಬಿಪಿ ಇರುವವರು ಅಂತ ಎಣಿಸುತ್ತಾರೆ?

ಇತ್ತೀಚೆಗೆ ಬಂದ ಒಂದು ಸಾರಾಂಶವನ್ನೇ ತಗೊಳ್ಳಿ. ಮುಳಬಾಗಿಲು ಕಡೆಯ ಹಳ್ಳಿ, 30 ವರ್ಷ ಮೇಲ್ಪಟ್ಟವರು. 'ಬಿಪಿ 140/90 ಅಥವಾ ಹೆಚ್ಚು ಇದ್ದರೆ ಅಧಿಕ ರಕ್ತದೊತ್ತಡ' ಅಂತ ಬರೆದಿದ್ದರು. ಸರಿಯಾಗೇ ಕಾಣುತ್ತದೆ ಅಲ್ವಾ? ಆದರೆ ದಿನಾ ಮಾತ್ರೆ ನುಂಗಿ 128/78ಕ್ಕೆ ಇಳಿಸಿಕೊಂಡಿರುವ ಅಜ್ಜಿ ಇದರಲ್ಲಿ ಆರೋಗ್ಯವಂತೆ ಆಗಿಬಿಡುತ್ತಾಳೆ. ಆಶಾ ಕಾರ್ಯಕರ್ತೆ ಚೆನ್ನಾಗಿ ಕೆಲಸ ಮಾಡಿ ಎಲ್ಲರಿಗೂ ಮಾತ್ರೆ ಮುಟ್ಟಿಸಿರುವ ಊರಲ್ಲಿ ಬಿಪಿಯೇ ಇಲ್ಲ ಅಂತ ವರದಿ ಬರುತ್ತದೆ. ಹಾಗಾಗಿ ಸಾಲು ಹೀಗಿರಬೇಕು: ಮೇಲಿನ ಅಂಕಿ 140 ಅಥವಾ ಹೆಚ್ಚು, ಇಲ್ಲವೇ ಕೆಳಗಿನ ಅಂಕಿ 90 ಅಥವಾ ಹೆಚ್ಚು, ಇಲ್ಲವೇ ಕಳೆದ ಎರಡು ವಾರದಲ್ಲಿ ಬಿಪಿ ಮಾತ್ರೆ ತಗೊಂಡಿರುವವರು. ಮೂರರಲ್ಲಿ ಒಂದು ಇದ್ದರೂ ಸಾಕು. ಮಾತ್ರೆ ಯಾವುದು ಅಂತ ಬಾಯಲ್ಲಿ ಕೇಳಿದರೆ ಆಗಲ್ಲ, ಸ್ಟ್ರಿಪ್ ತೋರಿಸಿ ಅನ್ನಬೇಕು. 'ಬಿಪಿ ಶುಗರ್ ಮಾತ್ರೆ' ಅಂತ ಒಟ್ಟಿಗೇ ಹೇಳುವವರು ಬಹಳ ಜನ. ಒಳಗೆ ಹೋಗಿ ಹುಡುಕಿದರೆ ಅದು ಬರೀ ಶುಗರ್ ಮಾತ್ರೆ ಆಗಿರುತ್ತದೆ.

ಅಮೆರಿಕದವರು 2017ರಲ್ಲಿ ಗಡಿಯನ್ನು 130/80ಕ್ಕೆ ಇಳಿಸಿದರು. ಯಾರಾದರೂ ವಿದ್ಯಾರ್ಥಿ ಅದನ್ನೇ ಹಾಕುತ್ತೇನೆ ಅಂದರೆ ನನ್ನ ಅಡ್ಡಿ ಇಲ್ಲ, ಆದರೆ ಆಮೇಲೆ 140/90 ಇಟ್ಟುಕೊಂಡ ಸರ್ವೆಗಳ ಜೊತೆ ಹೋಲಿಸಿ 'ನಮ್ಮೂರಲ್ಲಿ ಬಿಪಿ ಭಯಂಕರ ಜಾಸ್ತಿ' ಅಂತ ಬರೆಯಬಾರದು.

ಇನ್ನೊಂದು ವಿಷಯ. ಒಂದೇ ದಿನ ಅಳೆದು ಯಾರಿಗೂ ಕಾಯಿಲೆ ಇದೆ ಅಂತ ಹೇಳುವ ಹಾಗಿಲ್ಲ. ಅದಕ್ಕೆ ಸಾಮಾನ್ಯವಾಗಿ ಬೇರೆ ದಿನ ಮತ್ತೆ ಅಳೆಯಬೇಕು. ಹೊಸದಾಗಿ ಸಿಕ್ಕವರನ್ನು 'ಸರ್ವೆ ದಿನ ಬಿಪಿ ಜಾಸ್ತಿ ಕಂಡವರು' ಅನ್ನಿ, ಹೊಸ ರೋಗಿಗಳು ಅನ್ನಬೇಡಿ.

ಈಗ ಎಷ್ಟು ಜನ ಬೇಕು ಅನ್ನುವ ಲೆಕ್ಕ. ಅದಕ್ಕೆ ಊರಲ್ಲಿ ಬಿಪಿ ಎಷ್ಟು ಇರಬಹುದು ಅಂತ ಮೊದಲೇ ಒಂದು ಅಂದಾಜು ಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಮಟ್ಟದಲ್ಲಿ ಹೆಂಗಸರಲ್ಲಿ 21%, ಗಂಡಸರಲ್ಲಿ 24% ಅಂತ ಇದೆ. ವಿದ್ಯಾರ್ಥಿಗಳು ಇದನ್ನೇ ಎತ್ತಿ ಹಾಕುತ್ತಾರೆ. ಆದರೆ ಅದು 15 ವರ್ಷ ಮೇಲ್ಪಟ್ಟವರ ಲೆಕ್ಕ, ನಮ್ಮದು 30ರ ಮೇಲೆ. ವಯಸ್ಸಾದಷ್ಟೂ ಬಿಪಿ ಏರುವುದರಿಂದ ನಮ್ಮಲ್ಲಿ ಅದಕ್ಕಿಂತ ಜಾಸ್ತಿಯೇ ಬರಬೇಕು. ಇದೇ ವಯಸ್ಸಿನ, ಇಂಥದ್ದೇ ಹಳ್ಳಿಯ ಹಳೇ ಅಧ್ಯಯನ ಹುಡುಕಿ ಅಲ್ಲಿಂದ ತಗೊಳ್ಳಬೇಕು. ಸದ್ಯಕ್ಕೆ 30% ಅಂತ ಹಿಡಿಯೋಣ, ಐದು ಅಂಕ ಆಚೆ ಈಚೆ ಇದ್ದರೆ ಪರವಾಗಿಲ್ಲ ಅನ್ನೋಣ.

```
n = (1.96² × 0.30 × 0.70) / 0.05² = 323
323 / (1 + 322/1200) = 255
255 / 0.90 = 284
```

ಮೊದಲ ಸಾಲಿನ 1.96 ಅನ್ನುವುದು 95% ವಿಶ್ವಾಸಮಟ್ಟಕ್ಕೆ ಹಾಕುವ ಅಂಕಿ. ಎರಡನೇ ಸಾಲು ಬಹಳ ಜನ ಬಿಡುತ್ತಾರೆ. ಊರಲ್ಲಿ 30 ದಾಟಿದವರು ಬರೀ 1200 ಜನ ಇದ್ದರೆ ಅಷ್ಟೊಂದು ಮಂದಿ ಬೇಕಾಗಲ್ಲ, 255 ಸಾಕು. ಮೂರನೆಯದು ನೂರಕ್ಕೆ ಹತ್ತು ಜನ ಸಿಗಲ್ಲ ಅಥವಾ ಒಪ್ಪಲ್ಲ ಅನ್ನುವ ಅಂದಾಜಿಗೆ. ನೆನಪಿರಲಿ, ಈ 255 ಊರಿನ ಒಟ್ಟು ಪ್ರಮಾಣ ಹೇಳುವುದಕ್ಕೆ ಮಾತ್ರ. ಇದೇ ಸಂಖ್ಯೆ ಇಟ್ಟುಕೊಂಡು ಬೀಡಿ ಸೇದುವವರು, ಸೇದದವರು, ಕುಡಿಯುವವರು, ಕುಡಿಯದವರು ಅಂತ ಹತ್ತು ಹೋಲಿಕೆ ಮಾಡುತ್ತೇವೆ ಅಂತ ಉದ್ದೇಶದಲ್ಲಿ ಬರೆದಿದ್ದರೆ ಅಲ್ಲೊಂದು ಗೆರೆ ಎಳೆಯುತ್ತೇನೆ.

ನಿಜವಾದ ತಲೆನೋವು ಶುರುವಾಗುವುದು ಈ 284 ಜನರನ್ನು ಹಿಡಿಯುವಲ್ಲಿ. ಆ ಸಾರಾಂಶದಲ್ಲಿ ಇದ್ದಿದ್ದು: 'ಮನೆ ಮನೆಗೆ ಹೋಗಿ, ಲಭ್ಯವಿರುವ ಒಬ್ಬರನ್ನು ಅಳೆಯಲಾಗುವುದು. ಯಾರೂ ಇಲ್ಲದಿದ್ದರೆ ಪಕ್ಕದ ಮನೆ.' ಬೆಳಿಗ್ಗೆ ಹತ್ತೂವರೆಗೆ ಕಾಲೇಜು ಬಸ್ಸು ಹಳ್ಳಿಗೆ ಹೋಗುತ್ತದೆ, ಊಟದ ಹೊತ್ತಿಗೆ ವಾಪಸ್. ಆ ಹೊತ್ತಿಗೆ ನಮ್ಮ ಹಳ್ಳಿಗಳಲ್ಲಿ ಮನೆಯಲ್ಲಿ ಯಾರಿರುತ್ತಾರೆ ಹೇಳಿ? ಗಂಡಸರು ಟೊಮೆಟೊ ತೋಟದಲ್ಲೋ, ಎಪಿಎಂಸಿಯಲ್ಲೋ, ಹಿಪ್ಪುನೇರಳೆ ಸೊಪ್ಪು ಕೊಯ್ಯುವುದಕ್ಕೋ ಹೋಗಿರುತ್ತಾರೆ. ಇನ್ನು ಕೆಲವರು ಬಂಗಾರಪೇಟೆಯಲ್ಲಿ ಟ್ರೈನ್ ಹತ್ತಿ ಬೆಂಗಳೂರು ಸೇರಿರುತ್ತಾರೆ. ಮನೆಯಲ್ಲಿರುವುದು ವಯಸ್ಸಾದವರು.

ಇದರಿಂದ ಲೆಕ್ಕ ಎಷ್ಟು ಕೆಡುತ್ತದೆ ಅಂತ ಆ ಸಾರಾಂಶ ಬರೆದ ಹುಡುಗಿಗೆ ಹಾಳೆ ಮೇಲೆ ತೋರಿಸಿದೆ. 284ರಲ್ಲಿ 80 ಜನ ಸಿಗಲಿಲ್ಲ, ಅವರ ಬದಲು ಪಕ್ಕದ ಮನೆಯ ಹಿರಿಯರನ್ನು ಸೇರಿಸಿಕೊಂಡಿರಿ ಅಂತ ಇಟ್ಟುಕೊಳ್ಳಿ. ಸಿಗದ ದುಡಿಯುವ ಗಂಡಸರಲ್ಲಿ ಬಿಪಿ 20% ಇದ್ದರೆ 16 ಜನ. ಸೇರಿಸಿಕೊಂಡ ಹಿರಿಯರಲ್ಲಿ 50% ಇದ್ದರೆ 40 ಜನ. ಸುಮ್ನೆ 24 ಜನ ಬಿಪಿಯವರು ಜಾಸ್ತಿಯಾದರು. 284ಕ್ಕೆ ಇದು ಎಂಟೂವರೆ ಶೇಕಡ! ಐದು ಅಂಕದ ವ್ಯತ್ಯಾಸ ಮಾತ್ರ ಒಪ್ಪುತ್ತೇವೆ ಅಂತ ಮೇಲೆ ಸೂತ್ರ ಹಾಕಿ ಬರೆದು, ಕೆಳಗೆ ಒಂದು 'ಪಕ್ಕದ ಮನೆ'ಯಲ್ಲಿ ಎಂಟೂವರೆ ಕಳಕೊಂಡ ಹಾಗಾಯ್ತು.

"ಮೇಡಂ, ಹಾಗಾದ್ರೆ ಏನ್ ಬರೀಲಿ?" ಅಂದಳು.

ಮನೆ ಆರಿಸಬೇಡ, ಆಳನ್ನು ಆರಿಸು ಅಂದೆ. ಆಶಾ ಹತ್ತಿರ ಊರಿನ ಮನೆಗಳ ಪಟ್ಟಿ ಇರುತ್ತದೆ. 30 ದಾಟಿದವರ ತಪಾಸಣೆಗೆ ಅಂತ ಅವರು ಹೇಗಿದ್ದರೂ ಮನೆ ಮನೆ ಸುತ್ತಿ ಫಾರಂ ತುಂಬಿರುತ್ತಾರೆ. ಆ ಪಟ್ಟಿ ತಗೊಂಡು, ಸತ್ತವರು ಮತ್ತು ಊರು ಬಿಟ್ಟವರ ಹೆಸರು ತೆಗೆದು, ಹೊಸದಾಗಿ ಬಂದ ಸೊಸೆಯರ ಹೆಸರು ಸೇರಿಸಿ, 1ರಿಂದ 1200ರ ತನಕ ನಂಬರ್ ಹಾಕಿ, ಕಂಪ್ಯೂಟರಿನಲ್ಲಿ 284 ನಂಬರ್ ಎತ್ತಬೇಕು. ಎತ್ತಿದ ಮೇಲೆ ಅವರೇ. ಸಿಗದಿದ್ದರೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಬೇಕು, ಅದರಲ್ಲಿ ಒಂದು ಸಂಜೆ, ಒಂದು ಭಾನುವಾರ. ಆಮೇಲೂ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಬರೆದು, ಅವರ ವಯಸ್ಸು ಮತ್ತು ಗಂಡೋ ಹೆಣ್ಣೋ ಅನ್ನುವುದನ್ನು ಪಟ್ಟಿಯಿಂದ ಗುರುತು ಹಾಕಿಕೊಳ್ಳಬೇಕು. ಯಾರು ತಪ್ಪಿದರು ಅಂತ ಕೊನೆಗೆ ಹೇಳಬಹುದು. ಬದಲಿ ಆಳು ಮಾತ್ರ ಬೇಡವೇ ಬೇಡ.

ಸಂಜೆ, ಬೆಳಿಗ್ಗೆ ಹೋಗುವುದಾದರೆ ಡೈರಿ ಟೈಮು ನೋಡಿಕೊಳ್ಳಬೇಕು. ಹಾಲಿನ ಕ್ಯಾನು ಹಿಡಿದು ಡೈರಿಗೆ ನಡೆದು, ವಾಪಸ್ ಬಂದು ಕಾಫಿ ಕುಡಿದು ಬೀಡಿ ಹಚ್ಚಿರುವವರ ತೋಳಿಗೆ ಆಗಲೇ ಪಟ್ಟಿ ಸುತ್ತಿದರೆ ಬಿಪಿ ಮೇಲೆ ಹೋಗಿಯೇ ಇರುತ್ತದೆ. ಕಾಫಿ, ಬೀಡಿ, ಮೈಬಗ್ಗಿಸಿದ ಕೆಲಸ ಆಗಿ ಅರ್ಧ ಗಂಟೆ ಕಳೆದಿರಬೇಕು. ಹಾಗಂತ ಸುಮ್ನೆ ಕೂರಿಸಿಕೊಂಡರೆ ಯಾರು ಕೂರುತ್ತಾರೆ? ಅದಕ್ಕೆ ಪ್ರಶ್ನೆಗಳನ್ನು ಮೊದಲು ಇಟ್ಟುಕೊಳ್ಳಿ. ಒಪ್ಪಿಗೆ ಪತ್ರ ಓದಿ ಹೇಳಿ ಪ್ರಶ್ನೆ ಮುಗಿಸುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಆಗುತ್ತದೆ. (ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ಪತ್ರ ಕನ್ನಡದಲ್ಲಿದ್ದರೂ ತೆಲುಗಿನಲ್ಲಿ ವಿವರಿಸುವವರು ಒಬ್ಬರು ಇರಲಿ.) ಆಮೇಲೆ ಐದು ನಿಮಿಷ ಮಾತಿಲ್ಲದೆ ಕೂರಿಸಿ, ಒಂದೊಂದು ನಿಮಿಷ ಬಿಟ್ಟು ಮೂರು ಸಲ ಅಳೆದು, ಮೊದಲನೆಯದನ್ನು ಬಿಟ್ಟು ಉಳಿದ ಎರಡರ ಸರಾಸರಿ ತಗೊಳ್ಳಿ. ಮೊದಲನೆಯದು ಸಾಮಾನ್ಯವಾಗಿ ಜಾಸ್ತಿಯೇ ಬರುತ್ತದೆ.

ಕೂರಿಸುವುದು ಎಲ್ಲಿ? ಜಗಲಿ ಮೇಲೆ ಕೂತು ಕೈಯನ್ನು ನೆಲಕ್ಕೆ ಊರಿದರೆ ತೋಳು ಎದೆಮಟ್ಟಕ್ಕಿಂತ ಕೆಳಗೆ ಹೋಗುತ್ತದೆ, ಬಿಪಿ ಜಾಸ್ತಿ ತೋರಿಸುತ್ತದೆ. ಒರಗುವ ಮಡಚು ಕುರ್ಚಿ, ಪುಟ್ಟ ಸ್ಟೂಲು ಜೊತೆಯಲ್ಲೇ ಒಯ್ಯಿರಿ, ಬಜೆಟ್ಟಿನಲ್ಲಿ ಹಾಕಿ. ತೋಳು ದಪ್ಪ ಇರುವವರಿಗೆ ದೊಡ್ಡ ಪಟ್ಟಿಯೂ ಬೇಕು. ಚಿಕ್ಕ ಪಟ್ಟಿಯನ್ನು ಎಳೆದು ಸುತ್ತಿದರೆ ಅದೂ ಸುಳ್ಳು ಬಿಪಿ.

ಉಪ್ಪಿನ ಪ್ರಶ್ನೆ ಬಗ್ಗೆ ಒಂದು ಮಾತು. 'ತಿಂಗಳಿಗೆ ಮನೆಗೆ ಎಷ್ಟು ಪ್ಯಾಕೆಟ್ ಉಪ್ಪು' ಅಂತ ಕೇಳಿ ಉಣ್ಣುವವರ ಸಂಖ್ಯೆಯಿಂದ ಭಾಗಿಸುತ್ತಾರೆ. ನಾಲ್ಕು ಜನಕ್ಕೆ ಒಂದು ಕೇಜಿ ಅಂದರೆ ತಲೆಗೆ ದಿನಕ್ಕೆ ಸುಮಾರು 8 ಗ್ರಾಂ. ಹಸು ಸಾಕಿರುವ ಮನೆಯಲ್ಲಿ ಬೂಸಾಗೂ ಉಪ್ಪು ಬೀಳುತ್ತದೆ, ಅದನ್ನು ಬೇರೆ ಕೇಳಬೇಕು. ಉಪ್ಪಿನಕಾಯಿ ಹಾಕಿದ ತಿಂಗಳೂ ಲೆಕ್ಕ ತಪ್ಪುತ್ತದೆ. ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಬಿಪಿ ಇದೆ ಅಂತ ಗೊತ್ತಾದವರು ಡಾಕ್ಟರ್ ಮಾತು ಕೇಳಿ ಉಪ್ಪು ಕಡಿಮೆ ಮಾಡಿರುತ್ತಾರೆ. ಒಂದೇ ಸಲ ಕೇಳಿ ಒಂದೇ ಸಲ ಅಳೆಯುವ ಸರ್ವೆಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಕಾಣುವುದಿಲ್ಲ. ಉಪ್ಪು ಕಡಿಮೆ ತಿನ್ನುವವರಿಗೇ ಬಿಪಿ ಜಾಸ್ತಿ ಅಂತ ಫಲಿತಾಂಶ ಬಂದು ವಿದ್ಯಾರ್ಥಿ ಗಾಬರಿಯಾಗಿ ಓಡಿ ಬರುತ್ತಾನೆ. ಮೊದಲೇ ಗೊತ್ತಿದ್ದವರನ್ನು ಮತ್ತು ಹೊಸದಾಗಿ ಕಂಡವರನ್ನು ಬೇರೆ ಬೇರೆ ಇಟ್ಟು ನೋಡುತ್ತೇವೆ ಅಂತ ಸಾರಾಂಶದಲ್ಲೇ ಬರೆದುಬಿಟ್ಟರೆ ಆ ಗಾಬರಿ ತಪ್ಪುತ್ತದೆ. 'ಕಾರಣಗಳನ್ನು ಪತ್ತೆ ಮಾಡುವುದು' ಅನ್ನುವ ಉದ್ದೇಶವನ್ನೂ ತೆಗೆಸುತ್ತೇನೆ, 'ಸಂಬಂಧ ನೋಡುವುದು' ಅಂದರೆ ಸಾಕು.

ಕೊನೆಗೆ ಕಮಿಟಿಯವರು ಕೇಳಿಯೇ ಕೇಳುವ ಪ್ರಶ್ನೆ: 180/110 ದಾಟಿದವರು ಸಿಕ್ಕರೆ ಏನು ಮಾಡುತ್ತೀರಿ? 'ಸೂಕ್ತ ಸಲಹೆ ನೀಡಲಾಗುವುದು' ಅಂದರೆ ಆಗಲ್ಲ. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಅಳೆಯುತ್ತೇವೆ, ಹಾಗೇ ಇದ್ದರೆ ಅಂಕಿ ಬರೆದ ಚೀಟಿ ಕೊಟ್ಟು ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತೇವೆ, ಎದೆನೋವು, ಉಸಿರಾಟದ ತೊಂದರೆ, ಕೈಕಾಲು ಬಲ ಇಲ್ಲದಿರುವುದು, ಮಾತು ತೊದಲುವುದು ಇದ್ದರೆ 108ಕ್ಕೆ ಫೋನ್ ಮಾಡುತ್ತೇವೆ, ವಿದ್ಯಾರ್ಥಿ ತಾನಾಗಿ ಯಾವ ಮಾತ್ರೆಯನ್ನೂ ಕೊಡುವುದಿಲ್ಲ ಅಂತ ಬಿಡಿಸಿ ಬರೆಯಬೇಕು. ಅಂಕಿಯನ್ನು ಅಕ್ಕಪಕ್ಕದವರ ಮುಂದೆ ಜೋರಾಗಿ ಹೇಳುವ ಹಾಗಿಲ್ಲ ಅನ್ನುವುದೂ ಅಲ್ಲೇ ಇರಲಿ. ಆ ಹುಡುಗಿ ಇಷ್ಟನ್ನೂ ಸೇರಿಸಿಕೊಂಡು ಬಂದಳು. ಒಂದು ಮಾತ್ರ ಉಳಿದಿತ್ತು. ದುಡಿಯುವವರು ಸಿಗಲಿ ಅಂತ ಭಾನುವಾರ ಸರ್ವೆ ಇಟ್ಟುಕೊಂಡಿದ್ದಾಳೆ, ಭಾನುವಾರ ಆ ಕೇಂದ್ರದಲ್ಲಿ ಡಾಕ್ಟರ್ ಇರುವುದಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಅವತ್ತು ಡ್ಯೂಟಿಯಲ್ಲಿರುವವರ ಫೋನ್ ನಂಬರು ಚೀಟಿಯ ಹಿಂದೆ ಹಾಕಿಸಿ, ಕಳಿಸುವುದಕ್ಕೆ ಆಟೋ ಖರ್ಚನ್ನು ಬಜೆಟ್ಟಿನಲ್ಲಿ ಸೇರಿಸಿ ಸಹಿ ಹಾಕಿ ಕೊಟ್ಟೆ.